‘ಇಲ್ಲ’ ಬರುವುದು ಕೊನೆಗೆ

ಎರಡು ಪಟ್ಟು ವೇಗದಲ್ಲಿ ಕೇಳಿ ವರ್ಷಕ್ಕೆ ಐವತ್ತು ಪುಸ್ತಕ ಮುಗಿಸಿದೆ ಎನ್ನುವವರು ನಮ್ಮ ಹಾಸ್ಟೆಲಿನಲ್ಲೂ ಇದ್ದಾರೆ. ವೇಗದ ಬಗ್ಗೆ ನನ್ನ ತಕರಾರಿಲ್ಲ. ಕಣ್ಣು ಕಾಣದ ಎಷ್ಟೋ ಓದುಗರು ನಮಗೆ ಬರೀ ಗುಜುಗುಜು ಎನಿಸುವ ವೇಗದಲ್ಲಿ ಕೇಳಿ ಸಲೀಸಾಗಿ ಗ್ರಹಿಸುತ್ತಾರೆ. ಅದು ರೂಢಿಯ ಮಾತು. ನನ್ನ ಜಗಳವೇನಿದ್ದರೂ ‘ಮುಗಿಸಿದೆ’ ಎಂಬ ಪದದ ಜೊತೆ. ಮುಗಿದದ್ದು ಆ್ಯಪಿನೊಳಗಿನ ಗೆರೆ. ಫೋನು ಎಷ್ಟು ನುಡಿಸಿತು ಎಂಬುದು ಆ ಗೆರೆಗೆ ಗೊತ್ತು, ಕಿವಿಗೆ ಎಷ್ಟು ಬಿತ್ತು ಎಂಬುದು ಗೊತ್ತಿಲ್ಲ.

ಕನ್ನಡದಲ್ಲಿ ಕೇಳುವವರಿಗೆ ಈ ವ್ಯತ್ಯಾಸ ದುಬಾರಿ. ‘ಊರಿನಿಂದ ಬಂದ ಅಣ್ಣ ಜಗಲಿಯಲ್ಲಿ ಕೂತು, ನೀರು ಕುಡಿದು, ಅಪ್ಪನ ಮುಖ ನೋಡದೆ, ಹೊಲ ಮಾರಲು ಒಪ್ಪಲಿಲ್ಲ.’ ಇಡೀ ವಾಕ್ಯದ ಹಣೆಬರಹ ಕೊನೆಯ ಪದದಲ್ಲಿದೆ. ಆ ಅರೆಕ್ಷಣ ತಪ್ಪಿದರೆ ಹೊಲ ಉಳಿಯಿತೋ ಹೋಯಿತೋ ತಿಳಿಯದು. ವೇಗ ಹೆಚ್ಚಿಸಿದಾಗ ಆ್ಯಪು ದನಿಯ ಸ್ಥಾಯಿಯನ್ನು ಹಾಗೇ ಇಟ್ಟು ಅವಧಿಯನ್ನಷ್ಟೇ ಕುಗ್ಗಿಸುತ್ತದೆ. ಜೊತೆಗೆ ‘ಒಪ್ಪಲಿಲ್ಲ’ದ ನಂತರ ಓದುವವರು ಬಿಟ್ಟ ಮೌನವೂ ಅರ್ಧವಾಗುತ್ತದೆ.

ಸಂಪರ್ಕ ಪೂರ್ತಿ ಕಡಿದರೆ ಅಷ್ಟು ತೊಂದರೆಯಿಲ್ಲ. ಇಯರ್‌ಬಡ್ ಹೋಯಿತೆಂದು ಫೋನಿಗೆ ತಿಳಿಯುತ್ತದೆ, ಆ್ಯಪು ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಕೇಡಿರುವುದು ಅರೆಬರೆ ಸಂಪರ್ಕದಲ್ಲಿ. ಫೋನು ಪ್ಯಾಂಟಿನ ಹಿಂದಿನ ಜೇಬಿನಲ್ಲಿರುತ್ತದೆ, ನೀರೇ ಹೆಚ್ಚಿರುವ ನಮ್ಮ ಮೈ ಬ್ಲೂಟೂತ್ ಅಲೆಗಳನ್ನು ಹೀರಿಕೊಳ್ಳುತ್ತದೆ. ದನಿ ತೊದಲುತ್ತದೆ, ಒಂದೆರಡು ಪದ ಮಾಯವಾಗುತ್ತವೆ. ಸಂಪರ್ಕ ಕಡಿದಿಲ್ಲವಾದ್ದರಿಂದ ಆ್ಯಪು ನಿಲ್ಲುವುದಿಲ್ಲ, ಗೆರೆ ಮುಂದೆ ಹೋಗುತ್ತಲೇ ಇರುತ್ತದೆ. ಬೀಳುವ ಹಾದಿಯಲ್ಲಿ ‘ಒಪ್ಪಲಿಲ್ಲ’ ಬಿತ್ತೆಂದು ಯಾರು ಹೇಳಬೇಕು?

ನಿದ್ದೆಯ ಟೈಮರ್ ಇನ್ನೂ ಉದಾರಿ. ಅದು ಸಾಮಾನ್ಯವಾಗಿ ಗೋಡೆ ಗಡಿಯಾರದಂತೆ ಓಡುತ್ತದೆ, ಪುಸ್ತಕದ ಸಮಯದಲ್ಲಲ್ಲ. ಒಂದೂವರೆ ಪಟ್ಟು ವೇಗದಲ್ಲಿ 30 ನಿಮಿಷದ ಟೈಮರ್ ಇಟ್ಟರೆ 45 ನಿಮಿಷದ ಪುಸ್ತಕ ಸರಿಯುತ್ತದೆ. ಹತ್ತನೇ ನಿಮಿಷಕ್ಕೆ ಕಣ್ಣು ಮುಚ್ಚಿದರೆ ಕೇಳಿದ್ದು 15 ನಿಮಿಷದ್ದು, ಉಳಿದ 30 ದಿಂಬಿನ ಪಾಲು. ಬೆಳಿಗ್ಗೆ ಆ್ಯಪು ನಮ್ಮನ್ನು ಅದರಾಚೆ ಕೂರಿಸಿ ‘ಮುಂದುವರಿಸಿ’ ಎನ್ನುತ್ತದೆ. (ರೆಕಾರ್ಡಾದ ಉಪನ್ಯಾಸವಾದರೆ ಟಿಪ್ಪಣಿಯ ಪುಸ್ತಕ ಸುಳ್ಳನ್ನು ಹಿಡಿದುಕೊಡುತ್ತದೆ. ಕಾದಂಬರಿಗೆ ಆ ಸಾಕ್ಷಿಯೂ ಇಲ್ಲ.)

ನಿಲ್ಲಿಸಿ ಮತ್ತೆ ಶುರು ಮಾಡಿದಾಗ ಕೆಲವು ಆ್ಯಪುಗಳು ಒಂದಿಷ್ಟು ಸೆಕೆಂಡು ಹಿಂದಕ್ಕೆ ಹೋಗುತ್ತವೆ. ಅದೂ ಲೆಕ್ಕದ ಬುದ್ಧಿಯೇ. ಹಿಂದೆ ಹೋದ ಜಾಗ ‘ನೀರು ಕುಡಿದು’ ಆಗಿದ್ದರೆ ಕುಡಿದವರಾರು? ಹೋಗಬೇಕಾದದ್ದು ವಾಕ್ಯಕ್ಕೆ ಮುಂಚಿನ ಮೌನದವರೆಗೆ. ರೆಕಾರ್ಡಿಂಗಿನಲ್ಲಿ ಮೌನವನ್ನು ಗುರುತಿಸುವುದು ಯಂತ್ರಕ್ಕೆ ಹೊಸ ವಿದ್ಯೆಯೇನಲ್ಲ. ಮೌನವನ್ನು ಕತ್ತರಿಸಿ ಸಮಯ ಉಳಿಸುವ ಗುಂಡಿಯನ್ನು ಕೆಲವರು ಆಗಲೇ ಕೊಟ್ಟಿದ್ದಾರೆ. ಅದೇ ಜಾಣತನವನ್ನು ಅಣ್ಣ ಜಗಲಿಗೆ ಬರುವ ಜಾಗ ಹುಡುಕಲು ಬಳಸಲಿ. ಅಲ್ಲಿಯವರೆಗೆ ಆ ಐವತ್ತರ ಲೆಕ್ಕವನ್ನು ಫೋನಿನ ಹೆಸರಿಗೇ ಬರೆಯೋಣ.