ಶನಿವಾರದ ರಾತ್ರಿ ಯಾವ ದಿನಾಂಕಕ್ಕೆ ಸೇರಿದ್ದು?

ಕಾಸರಗೋಡಿನ ಗದ್ದೆಬಯಲಿನಲ್ಲಿ ಶನಿವಾರ ಆಟವಿದ್ದರೆ, ಅದು ಭಾನುವಾರ ಬೆಳಗಾಗುವವರೆಗೂ ಶನಿವಾರದ ಆಟವೇ. ನಡುರಾತ್ರಿಯಲ್ಲಿ ದಿನ ಬದಲಾಯಿತೆಂದು ಪ್ರೇಕ್ಷಕರಾರೂ ಎಣಿಸುವುದಿಲ್ಲ. ಕನ್ನಡದ ಆಡುಮಾತಿನಲ್ಲಿ ರಾತ್ರಿಯೆಂಬುದು ಸಂಜೆಯ ಮುಂದುವರಿಕೆ. ಬೆಳಕು ಹರಿದ ಮೇಲೆಯೇ ಮರುದಿನ. ದಾಖಲೆಯ ಇಂಗ್ಲಿಷ್ ಹಾಗಲ್ಲ. ಅದು ಹನ್ನೆರಡು ಹೊಡೆದೊಡನೆ ದಿನಾಂಕವನ್ನು ಬದಲಿಸುತ್ತದೆ. ಕಳೆದುಹೋದ ಮೊಬೈಲಿನ ಬಗ್ಗೆ ಕನ್ನಡದಲ್ಲಿ ಬರೆದ ಪೊಲೀಸ್ ದೂರನ್ನು ಇಂಗ್ಲಿಷಿಗೆ ತರುವವರು ಮೊದಲು ಎಡವುವುದು ಈ ಹೊಸ್ತಿಲಿನಲ್ಲಿಯೇ.

ಕನ್ನಡ ಐಚ್ಛಿಕದ ವಿದ್ಯಾರ್ಥಿಗಳಿಗೆ ಗಡಿನಾಡಿನಲ್ಲಿ ಇಂತಹ ಕೆಲಸ ಅಪರೂಪವೇನೂ ಅಲ್ಲ. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಆದುದರಿಂದ ಕನ್ನಡದ ದೂರು ತನ್ನಷ್ಟಕ್ಕೆ ಪೂರ್ಣವಾದ ದಾಖಲೆ. ಆದರೆ ಬ್ಯಾಂಕಿಗೆ, ವಿಮೆಯವರಿಗೆ, ಹೊರಗಿನ ಕಚೇರಿಗಳಿಗೆ ಅದೇ ದೂರು ಇಂಗ್ಲಿಷಿನಲ್ಲಿ ಹೋಗಬೇಕಾಗುತ್ತದೆ. ಆಗ ಮನೆಯವರು ಕರೆಯುವುದು ಭಾಷೆ ಓದುತ್ತಿರುವ ಮಗಳನ್ನೋ ಮಗನನ್ನೋ.

ಒಂದು ಕಲ್ಪಿತ ದೂರನ್ನು ಮುಂದಿಟ್ಟುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ದೂರಿನ ಕೆಳಗಿರುವ ದಿನಾಂಕ 2025ರ ಜನವರಿ 20, ಸೋಮವಾರ. ಒಕ್ಕಣೆ ಹೀಗಿದೆ: 'ಮೊನ್ನೆ ಶನಿವಾರ ರಾತ್ರಿ ಆಟ ನೋಡಲು ಹೋಗಿದ್ದೆ. ಸುಮಾರು ಒಂದು ಗಂಟೆಗೆ ಕೈಚೀಲ ನೋಡಿದಾಗ ಮೊಬೈಲ್ ಇರಲಿಲ್ಲ. ಹನ್ನೊಂದೂಮುಕ್ಕಾಲಿಗೆ ಚರುಂಬುರಿಯವನಿಗೆ ಮೊಬೈಲಿನಿಂದಲೇ ಹಣ ಕೊಟ್ಟಿದ್ದೆ. ಎಲ್ಲಿಯೋ ಬಿದ್ದುಹೋಗಿರಬೇಕು, ಇಲ್ಲವೆ ಯಾರಾದರೂ ತೆಗೆದಿರಬಹುದು.'

ಅವಸರದ ಅನುವಾದ ಇದನ್ನು ಒಂದೇ ವಾಕ್ಯಕ್ಕೆ ಇಳಿಸುತ್ತದೆ: ಜನವರಿ 18ರಂದು ರಾತ್ರಿ ಒಂದು ಗಂಟೆಗೆ ಮೊಬೈಲ್ ಕಳುವಾಯಿತು. ಇಂಗ್ಲಿಷಿನ ಲೆಕ್ಕದಲ್ಲಿ 18ನೆಯ ತಾರೀಕಿನ ಒಂದು ಗಂಟೆ ಎಂದರೆ ಶುಕ್ರವಾರ ಮುಗಿದು ಶನಿವಾರ ಆರಂಭವಾದ ಹೊತ್ತು. ಆಟದ ಕಂಬ ನೆಡುವುದಕ್ಕೂ ಮೊದಲು. ಬ್ಯಾಂಕಿನ ದಾಖಲೆಯಲ್ಲಾದರೋ ಚರುಂಬುರಿಯ ಹಣ ಸಂದಾಯವಾದದ್ದು 18ರ ರಾತ್ರಿ 11:45ಕ್ಕೆ. ಅಲ್ಲಿಗೆ, ಕಳುವಾದ ಮೊಬೈಲಿನಿಂದ ಇಪ್ಪತ್ತೆರಡೂಮುಕ್ಕಾಲು ಗಂಟೆಗಳ ಬಳಿಕ ದೂರುದಾರಳ ಖಾತೆಯ ಹಣ ಹೋದಂತಾಯಿತು. ಮುಂದೆ ಅದೇ ಖಾತೆಯಿಂದ ಬೇರೆಯವರು ನಿಜಕ್ಕೂ ಹಣ ತೆಗೆದಿದ್ದರೆ, ಯಾವುದು ಅವಳ ವ್ಯವಹಾರ, ಯಾವುದು ಅಲ್ಲ ಎಂಬ ಗೆರೆಯೇ ಅಳಿಸಿಹೋಗುತ್ತದೆ. ಅವಳು ಸುಳ್ಳು ಹೇಳಿಲ್ಲ; ಅವಳ ಮಾತು ಭಾಷೆ ದಾಟುವಾಗ ಒಂದು ದಿನವನ್ನು ಕಳೆದುಕೊಂಡಿದೆ.

ಸರಿಯಾದ ಅನುವಾದದಲ್ಲಿ ಎರಡು ಗಳಿಗೆಗಳು ಬೇರೆಬೇರೆಯಾಗಿ ನಿಲ್ಲಬೇಕು. ಮೊಬೈಲ್ ಕೈಯಲ್ಲಿ ಇತ್ತೆಂದು ಖಚಿತವಾಗಿ ತಿಳಿದಿರುವ ಕೊನೆಯ ಹೊತ್ತು ಜನವರಿ 18, ಶನಿವಾರ, ರಾತ್ರಿ 11:45. ಇಲ್ಲವೆಂದು ಗೊತ್ತಾದ ಹೊತ್ತು ಜನವರಿ 19, ಭಾನುವಾರ, ನಡುರಾತ್ರಿ ಕಳೆದು ಸುಮಾರು 1 ಗಂಟೆ. ಮೊಬೈಲ್ ಹೋದದ್ದು ಇವೆರಡರ ನಡುವೆ ಎಂದೋ. ಅದಕ್ಕೆ ಒಂದು ನಿಮಿಷವನ್ನು ಹುಡುಕಿಕೊಡುವುದು ಅನುವಾದಕರ ಕೆಲಸವಲ್ಲ. ವಾರದ ಹೆಸರನ್ನೂ ದಿನಾಂಕವನ್ನೂ ಒಟ್ಟಿಗೆ ಬರೆದರೆ ಒಂದು ಇನ್ನೊಂದಕ್ಕೆ ಸಾಕ್ಷಿಯಾಗುತ್ತದೆ. 'ಮೊನ್ನೆ' ಎಂಬ ಪದವನ್ನು ದೂರು ಬರೆದ ದಿನದಿಂದ ಎಣಿಸಬೇಕೇ ಹೊರತು ಅನುವಾದಿಸುತ್ತಿರುವ ದಿನದಿಂದಲ್ಲ. ಹಾಗೆಯೇ 'ಸುಮಾರು' ಎಂಬ ಪದ ಅಲಂಕಾರವಲ್ಲ. ಅದನ್ನು ಬಿಟ್ಟರೆ ದೂರುದಾರಳು ಹೇಳದೇ ಇದ್ದ ಖಚಿತತೆಯೊಂದನ್ನು ಅವಳ ಬಾಯಿಗೆ ತುರುಕಿದಂತಾಗುತ್ತದೆ.

ಕ್ರಿಯಾಪದದ ವಿಷಯವೂ ಇಷ್ಟೇ ಸೂಕ್ಷ್ಮವಾದದ್ದು. 'ಕಳೆದುಹೋಯಿತು' ಎಂಬಲ್ಲಿ ಕರ್ತೃವಿಲ್ಲ, ಆರೋಪವೂ ಇಲ್ಲ. 'ಕಳುವಾಯಿತು' ಎಂದೊಡನೆ ಕಳ್ಳನೊಬ್ಬ ಹುಟ್ಟುತ್ತಾನೆ. ಇಂಗ್ಲಿಷಿನ ಲಾಸ್ಟ್ ಮತ್ತು ಸ್ಟೋಲನ್ ಎಂಬ ಪದಗಳ ನಡುವೆ ಇರುವುದೂ ಇದೇ ಅಂತರ. ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಡಿ ಕಳವು ಅಪರಾಧ. ವಸ್ತುವನ್ನು ಬೀಳಿಸಿಕೊಳ್ಳುವುದು ಅಪರಾಧವಲ್ಲ. 'ಬಿದ್ದುಹೋಗಿರಬೇಕು' ಎಂಬುದರ ಊಹೆಯನ್ನೂ 'ತೆಗೆದಿರಬಹುದು' ಎಂಬುದರ ಶಂಕೆಯನ್ನೂ ವ್ಯಾಕರಣದ ತರಗತಿಯಲ್ಲಿ ಬಿಡಿಸಿ ತೋರಿಸಬಲ್ಲ ವಿದ್ಯಾರ್ಥಿ, ಇಲ್ಲಿ ಅವೆರಡನ್ನೂ ಹಾಗೆಯೇ ಉಳಿಸಬೇಕು.

ಇನ್ನು ವಸ್ತುವಿನ ವಿವರ. 'ನೀಲಿ ಕವರಿನ ಕಪ್ಪು ಮೊಬೈಲ್' ಎಂದಿದ್ದರೆ ಎರಡು ಬಣ್ಣಗಳೂ ತಮ್ಮ ತಮ್ಮ ಜಾಗದಲ್ಲಿರಬೇಕು. ಕವರನ್ನು ಯಾರು ಬೇಕಾದರೂ ಕಿತ್ತೆಸೆಯಬಹುದು. 'ಹದಿನೆಂಟು ಸಾವಿರಕ್ಕೆ ಕೊಂಡದ್ದು' ಎಂಬುದು ಕೊಂಡ ಬೆಲೆ, ಇಂದಿನ ಬೆಲೆಯಲ್ಲ. ಎಲ್ಲಕ್ಕಿಂತ ಮಿಗಿಲಾದದ್ದು ಹದಿನೈದು ಅಂಕೆಗಳ ಐಎಂಇಐ ಸಂಖ್ಯೆ. ಎರಡು ಸಿಮ್ಮಿನ ಮೊಬೈಲಿಗೆ ಇಂತಹ ಸಂಖ್ಯೆಗಳು ಎರಡಿರುತ್ತವೆ. ಮೊಬೈಲ್ ಕೈಯಲ್ಲಿದ್ದಾಗ *#06# ಒತ್ತಿದರೆ ಅವು ಕಾಣಿಸುತ್ತವೆ; ಕಳೆದ ಮೇಲೆ ಪೆಟ್ಟಿಗೆಯನ್ನೋ ಬಿಲ್ಲನ್ನೋ ಹುಡುಕಬೇಕು. ದೂರಸಂಪರ್ಕ ಇಲಾಖೆಯ ceir.gov.in ತಾಣದಲ್ಲಿ ಕಳೆದ ಮೊಬೈಲನ್ನು ತಡೆಹಿಡಿಯಲು ಬೇಕಾದದ್ದೂ ಈ ಸಂಖ್ಯೆಯೇ.

ಕೈಬರಹದ ದೂರಿನಲ್ಲಿ ಕನ್ನಡದ ಅಂಕೆಗಳಿದ್ದರೆ ೬ ಮತ್ತು ೯ ಒಂದರಂತೆ ಒಂದು ಕಾಣುವುದುಂಟು. ಆ ತಪ್ಪನ್ನು ಹಿಡಿಯುವ ದಾರಿ ಸಂಖ್ಯೆಯೊಳಗೇ ಇದೆ. ಎಡದಿಂದ ಎರಡನೆಯ, ನಾಲ್ಕನೆಯ, ಆರನೆಯ, ಹೀಗೆ ಹದಿನಾಲ್ಕನೆಯದರವರೆಗೆ ಸಮಸ್ಥಾನದ ಅಂಕೆಗಳನ್ನು ಇಮ್ಮಡಿಸಬೇಕು. ಇಮ್ಮಡಿಸಿದ್ದು ಎರಡಂಕಿಯಾದರೆ ಆ ಎರಡನ್ನೂ ಕೂಡಿಸಿಕೊಳ್ಳಬೇಕು. ಬಂದದ್ದನ್ನು ಉಳಿದ ಅಂಕೆಗಳೊಡನೆ ಸೇರಿಸಿದರೆ ಮೊತ್ತ ಹತ್ತರಿಂದ ಶೇಷವಿಲ್ಲದೆ ಭಾಗವಾಗಬೇಕು. ಆಗದಿದ್ದರೆ ಎಲ್ಲಿಯೋ ಒಂದು ಅಂಕೆ ತಪ್ಪಿದೆ. ಆಗಲೂ ಅನುವಾದಕರು ತಾವಾಗಿ ತಿದ್ದುವಂತಿಲ್ಲ. ದೂರುದಾರಳನ್ನು ಕೇಳಬೇಕು, ಮೂಲದಲ್ಲಿಯೇ ತಪ್ಪಿದ್ದರೆ ಮೊದಲು ಠಾಣೆಯ ದಾಖಲೆ ಸರಿಯಾಗಬೇಕು. ಮೂಲ ಒಂದು, ಅನುವಾದ ಇನ್ನೊಂದು ಹೇಳಿದರೆ ಎರಡೂ ಕೆಲಸಕ್ಕೆ ಬಾರವು.

ಕಚೇರಿಗೆ ಬೇಕಾದದ್ದು ಅಚ್ಚುಕಟ್ಟಾದ ಇಂಗ್ಲಿಷ್, ಚದುರಿದ ಮಾತನ್ನು ಕಾಲಕ್ರಮದಲ್ಲಿ ಜೋಡಿಸಿಕೊಟ್ಟರೆ ಉಪಕಾರವೇ ಆಗುತ್ತದೆ ಎಂಬ ವಾದವಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ಮೇಲಿನ ದೂರಿನಲ್ಲಿ ಒಂದು ಗಂಟೆಯ ಸಂಗತಿ ಮೊದಲು ಬಂದು, ಹನ್ನೊಂದೂಮುಕ್ಕಾಲಿನದು ಆಮೇಲೆ ಬಂದಿದೆ; ಓದುವವರಿಗೆ ತೊಡಕೇ ಸರಿ. ಆದರೆ ಅದಕ್ಕೆ ಪರಿಹಾರ ದೂರನ್ನು ಹೊಸದಾಗಿ ಬರೆಯುವುದಲ್ಲ. ಅನುವಾದ ಮೂಲದ ಕ್ರಮದಲ್ಲಿಯೇ ಇರಲಿ. ಗಳಿಗೆಗಳ ಚಿಕ್ಕ ಪಟ್ಟಿಯೊಂದನ್ನು ಬೇರೆ ಹಾಳೆಯಲ್ಲಿ, ಅನುವಾದಕರು ಮಾಡಿದ್ದೆಂದು ಸ್ಪಷ್ಟವಾಗಿ ಬರೆದು ಲಗತ್ತಿಸಲಿ. ಹಾಗಾದಾಗ ಯಾವ ಮಾತು ಯಾರದು ಎಂಬುದು ಕಲಬೆರಕೆಯಾಗುವುದಿಲ್ಲ.

ಕಾವ್ಯದ ಅನುವಾದದಲ್ಲಿ ಮೂಲವನ್ನು ಮೀರಿದವರನ್ನು ಮೆಚ್ಚುವುದುಂಟು. ದೂರಿನ ಅನುವಾದದಲ್ಲಿ ಆ ಸ್ವಾತಂತ್ರ್ಯವಿಲ್ಲ. ಕೊನೆಗೆ ಮಾಡಬೇಕಾದದ್ದು ಒಂದೇ: ಇಂಗ್ಲಿಷಿನ ಹಾಳೆಯನ್ನು ಕನ್ನಡದಲ್ಲಿ ಹೇಳಿಕೊಂಡು ದೂರುದಾರಳ ಎದುರು ಓದುವುದು. 'ಭಾನುವಾರವೇ? ನಾನು ಶನಿವಾರ ಎಂದಲ್ಲವೇ ಹೇಳಿದ್ದು?' ಎಂದು ಅವಳು ಕೇಳಬೇಕು. ಆ ಪ್ರಶ್ನೆಗೆ ಉತ್ತರ ಕೊಟ್ಟು, ಅವಳು ಒಪ್ಪಿದ ಮೇಲೆಯೇ ಅನುವಾದದ ಕೆಳಗೆ ಸಹಿ ಬೀಳಬೇಕು.