ತಿದ್ದಿದ್ದು ಯಾರಿಗೂ ತಿಳಿಯದಿದ್ದರೆ

ಬಡಾವಣೆಯ ಗಣೇಶೋತ್ಸವ ಸಮಿತಿಯ ಖಜಾಂಚಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಚಂದಾ ಹಾಕಬೇಕಾದ ಯುಪಿಐ ನಂಬರ್ ಕೊಡುತ್ತಾರೆ ಎನ್ನಿ. ಒಂದು ಅಂಕಿ ತಪ್ಪಿದೆ. ಹತ್ತು ನಿಮಿಷದ ಮೇಲೆ ಕಣ್ಣಿಗೆ ಬಿದ್ದು, ಅದೇ ಸಂದೇಶ ಒತ್ತಿ ಹಿಡಿದು Edit ಮಾಡುತ್ತಾರೆ. ಕಳುಹಿಸಿ 15 ನಿಮಿಷದೊಳಗೆ ತಿದ್ದಲು 2023ರಿಂದ ಅವಕಾಶವಿದೆ. ಖಜಾಂಚಿಗೆ ಸಮಾಧಾನ. ಆದರೆ ಮೊದಲೇ ಓದಿದವರ ಫೋನಿಗೆ ಹೊಸ ಸೂಚನೆ ಹೋಗುವುದಿಲ್ಲ. ಸಂದೇಶದ ಪಕ್ಕದಲ್ಲಿ Edited ಎಂಬ ಸಣ್ಣ ಗುರುತು ಬರುತ್ತದೆ, ಅಷ್ಟೇ. ಮೊದಲು ಏನಿತ್ತು ಎಂಬುದೂ ತೋರುವುದಿಲ್ಲ. ನಂಬರ್ ಬರೆದಿಟ್ಟುಕೊಂಡವರು ಸಂಜೆ ಹಣ ಹಾಕುತ್ತಾರೆ. ಪರದೆಯಲ್ಲಿ ಬೇರೆ ಹೆಸರು ಕಂಡರೂ ಖಜಾಂಚಿಯ ಮನೆಯವರದಿರಬೇಕು ಎಂದುಕೊಳ್ಳುತ್ತಾರೆ.

ಗುಂಪುಗಳಲ್ಲಿ ಅಳಿಸುವುದಕ್ಕಿಂತ ಸದ್ದಿಲ್ಲದೆ ತಿದ್ದುವುದೇ ಹೆಚ್ಚು ಅಪಾಯ ಎಂದು ನಾನು ಹೇಳುವುದು ಇದಕ್ಕೇ. ಕಾಗುಣಿತ ತಪ್ಪಿದ್ದರೆ ತಿದ್ದಿ ಸುಮ್ಮನಿರಬಹುದು. ನಂಬರ್, ದಿನಾಂಕ, ಸಮಯ, ಜಾಗ ತಪ್ಪಿದ್ದರೆ ತಿದ್ದಿದ ಮೇಲೂ ಹೊಸ ಸಂದೇಶ ಹಾಕಲೇಬೇಕು: ‘ಸ್ವಲ್ಪ ಹೊತ್ತಿನ ಹಿಂದೆ ಕೊಟ್ಟ ನಂಬರಿನ ಕೊನೆಯ ಅಂಕಿ ತಪ್ಪಾಗಿತ್ತು, ಈಗ ಸರಿಪಡಿಸಿದ್ದೇನೆ. ಆಗಲೇ ಹಣ ಹಾಕಿದವರು ದಯವಿಟ್ಟು ನನಗೆ ಫೋನ್ ಮಾಡಿ.’ ಯಾವುದು ತಪ್ಪಿತ್ತು, ಓದಿದವರು ಏನು ಮಾಡಬೇಕು ಎಂಬ ಎರಡು ಮಾತು ಅದರಲ್ಲಿದ್ದರೆ ಸಾಕು.

ಅಳಿಸುವುದಕ್ಕೆ ಹೆಚ್ಚು ಕಾಲಾವಕಾಶವಿದೆ. 2017ರಲ್ಲಿ ಈ ಸೌಲಭ್ಯ ಬಂದಾಗ ಇದ್ದದ್ದು ಏಳೇ ನಿಮಿಷ. 2022ರಿಂದ ಎರಡು ದಿನಕ್ಕೂ ತುಸು ಹೆಚ್ಚು. ಗಾಬರಿಯಲ್ಲಿ Delete for everyone ಬದಲು Delete for me ಒತ್ತಿದರೆ ನಿಮ್ಮ ಫೋನಿನಿಂದ ಮಾತ್ರ ಹೋಗುತ್ತದೆ. ಕೆಲವು ಕ್ಷಣ ಕಾಣುವ Undo ಒತ್ತಿ ಮರಳಿ ತರಬೇಕು. ಯಾರು ನೋಡಿದ್ದಾರೆಂದು ತಿಳಿಯಬೇಕಿದ್ದರೆ ಅಳಿಸುವ ಮೊದಲೇ ಸಂದೇಶದ Info ತೆರೆಯಿರಿ. ನೀಲಿ ಗುರುತು ನಿಲ್ಲಿಸಿಟ್ಟವರ ಹೆಸರೂ ಗುಂಪಿನಲ್ಲಿ ಸಿಗುತ್ತದೆ. ಆದರೂ ಆ ಪಟ್ಟಿ ಪೂರ್ತಿಯಲ್ಲ: ಫೋನಿನ ಮೇಲ್ಭಾಗದ ಸೂಚನೆಯಲ್ಲೇ ಓದಿದವರು ಅದರಲ್ಲಿ ಬರುವುದಿಲ್ಲ. ಅಷ್ಟರಲ್ಲಿ ಫಾರ್ವರ್ಡ್ ಆದ ಪ್ರತಿಯೂ ಗ್ಯಾಲರಿಗೆ ಇಳಿದ ಫೋಟೊವೂ ಉಳಿದಿರಬಹುದು.

ಹೀಗಾಗಿ ಒಬ್ಬರ ವೈದ್ಯಕೀಯ ವರದಿ ತಪ್ಪಿ ಗುಂಪಿಗೆ ಹೋದರೆ ಪಟ್ಟಿ ನೋಡುತ್ತಾ ಕೂರದೆ ಮೊದಲು ಅಳಿಸಬೇಕು. ಆಮೇಲೆ ಬರೆಯುವ ಸಾಲಿನಲ್ಲಿ ಹೆಸರಾಗಲಿ ಕಾಯಿಲೆಯಾಗಲಿ ಬರಬಾರದು: ‘ಇಲ್ಲಿಗೆ ಬರಬಾರದ ಫೈಲ್ ಬಂದಿತ್ತು, ತೆಗೆದಿದ್ದೇನೆ. ಫೋನಿನಲ್ಲಿ ಉಳಿದಿದ್ದರೆ ಅಳಿಸಿ, ಯಾರಿಗೂ ಕಳುಹಿಸಬೇಡಿ.’ ವರದಿ ಯಾರದೋ ಅವರಿಗೆ ಬೇರೆಯವರು ಹೇಳುವ ಮುನ್ನ ಕಳುಹಿಸಿದವರೇ ಫೋನ್ ಮಾಡಿ ತಿಳಿಸಬೇಕು.