ಬ್ಯಾನರ್‌ಗೆ ಹೆಸರು ಇಡೋ ಮುಂಚೆ ಒಂದ್ಸಲ ಪರದೆ ಮೇಲೆ ಓದಿ ನೋಡ್ರಪ್ಪ

ನಮ್ಮ ಹುಡುಗರು ನಾಲ್ಕು ಜನ ಸೇರಿ ಸಿನಿಮಾ ಮಾಡೋಕೆ ಹೊರಟಿದಾರೆ. "ಅಣ್ಣ, ಬ್ಯಾನರ್‌ಗೆ ಹೆಸರು ನೀವೇ ನೋಡಿ" ಅಂತ ಒಂದು ಹಾಳೆ ತಂದುಕೊಟ್ರು. ಮೊದಲನೇ ಹೆಸರು: ಸಮಾನತೆ ಸಾಂಸ್ಕೃತಿಕ ಚಲನಚಿತ್ರ ನಿರ್ಮಾಣ ಸಂಸ್ಥೆ. ನಾನು ಆಫೀಸಲ್ಲಿ ಲೆಟರ್‌ಹೆಡ್ ಟೈಪ್ ಮಾಡೋನು. ಲೆಟರ್‌ಹೆಡ್‌ಗಾದರೆ ಪರವಾಗಿಲ್ಲ, ಪರದೆಗೆ ಆಗಲ್ಲ ಅಂದೆ. ಹುಡುಗರಿಗೆ ಬೇಜಾರಾಯ್ತು.

ಕಾರಣ ಹೇಳ್ತೀನಿ. ಟೈಟಲ್ ಕಾರ್ಡ್‌ನಲ್ಲಿ ಬ್ಯಾನರ್ ಹೆಸರು ನಿಲ್ಲೋದು ಮೂರ್ನಾಲ್ಕು ಸೆಕೆಂಡು. ಅಷ್ಟರಲ್ಲಿ ಹಿಂದಿನ ಸೀಟಿನವನು ಓದಿ ಮುಗಿಸಬೇಕು. ಕನ್ನಡದಲ್ಲಿ ಇನ್ನೊಂದು ತೊಡಕಿದೆ, ಒತ್ತಕ್ಷರ. 'ಸ್ಕೃ' ಅಂತ ಬರೆದರೆ ಅಕ್ಷರದ ಕೆಳಗೆ ಒತ್ತಿಗೆ ಜಾಗ ಬಿಡಬೇಕು. ಆ ಜಾಗಕ್ಕೋಸ್ಕರ ಇಡೀ ಸಾಲಿನ ಅಕ್ಷರ ಸಣ್ಣದಾಗುತ್ತೆ. ಅದನ್ನೇ ಪೋಸ್ಟರ್ ಮೂಲೆಗೋ ಮೊಬೈಲಿನ ಉಗುರಗಲದ ಚಿತ್ರಕ್ಕೋ ಇಳಿಸಿದರೆ ಒತ್ತು ಮುಚ್ಚಿಹೋಗಿ ಮಸಿ ಚುಕ್ಕೆ ಆಗುತ್ತೆ. ಪರೀಕ್ಷೆ ಸುಲಭ. ಹೆಸರನ್ನ ಅಂಚೆಚೀಟಿ ಗಾತ್ರಕ್ಕೆ, ಬರೀ ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆದು, ಆ ಹೆಸರು ಗೊತ್ತಿಲ್ಲದವರ ಕೈಗೆ ಕೊಡಿ. ಓದೋಕೆ ತಡವರಿಸಿದರೆ ಬಿಟ್ಟುಬಿಡಿ.

ಪ. ರಂಜಿತ್ ಅವರ ಬ್ಯಾನರ್ ನೋಡಿ. ನೀಲಂ ಪ್ರೊಡಕ್ಷನ್ಸ್. 2018ರಲ್ಲಿ 'ಪರಿಯೇರುಂ ಪೆರುಮಾಳ್' ಬಂದಿದ್ದು ಅದರಿಂದಲೇ. ನೀಲಂ ಅಂದರೆ ನೀಲಿ. ನಮ್ಮ ಬಾವುಟದ ಬಣ್ಣ ಅಂತ ಯಾರೂ ವಿವರಿಸಬೇಕಾಗಿಲ್ಲ, ಹೆಸರೇ ಬಣ್ಣವನ್ನ ಕೈಗೆ ಕೊಟ್ಟುಬಿಡುತ್ತೆ. ನಾಗರಾಜ ಮಂಜುಳೆಯವರದು ಆಟ್‌ಪಾಟ್. ಮರಾಠಿ ಅಜ್ಜಿಕಥೆಗಳು ಶುರುವಾಗೋ ಮಾತು ಅದು, ನಮ್ಮ "ಒಂದಾನೊಂದು ಊರಲ್ಲಿ" ಅನ್ನೋ ಹಾಗೆ. ಸಿನಿಮಾ ಶುರುವಾಗೋ ಕಾರ್ಡಿಗೆ ಕಥೆ ಶುರುವಾಗೋ ಮಾತು! ಇಬ್ಬರೂ ಹೆಸರಲ್ಲಿ ಘೋಷಣೆ ಕೂಗಿಲ್ಲ ಅನ್ನೋದನ್ನೂ ಗಮನಿಸಿ.

ನಮ್ಮ ಹುಡುಗರ ಎರಡನೇ ಹೆಸರು 'ತಮಟೆ'. ಮೂರೇ ಅಕ್ಷರ, ಒತ್ತಿಲ್ಲ, ದುಂಡಗಿನ ಲೋಗೋ, ಜೊತೆಗೆ ಸದ್ದೂ ಉಂಟು. ಅಕ್ಷರದ ಲೆಕ್ಕದಲ್ಲಿ ನೂರಕ್ಕೆ ನೂರು. ಆದರೆ ಗುಂಪಿನ ಒಬ್ಬ ಹುಡುಗ ಒಪ್ಪಲಿಲ್ಲ. "ನಮ್ಮಪ್ಪ ಸಾವಿಗೂ ಜಾತ್ರೆಗೂ ಬಡಿದೂ ಬಡಿದೂ, ಬಿಡಬೇಕು ಅಂತ ಊರಲ್ಲಿ ಜಗಳ ಮಾಡಿದಾನೆ. ನಾನು ಅದನ್ನೇ ಪರದೆ ಮೇಲೆ ಬಡೀಲಾ?" ಅಂದ. ತಮಟೆ ನಮ್ಮ ಕಲೆ ಅನ್ನೋರ ಜೊತೆ ನನಗೂ ಜಗಳವಿಲ್ಲ. ಆದರೆ ಜೊತೆಗಿರೋ ಒಬ್ಬನಿಗೆ ಪ್ರತಿ ಸಲ ಚುಚ್ಚೋ ಹೆಸರು ಬೇಡ ಅಂತ ಕೈಬಿಟ್ವಿ.

ಆಮೇಲೆ ನಾನು ಹೇಳಿದ್ದು 'ಬೊಗಸೆ'. ಮೇಲಿನಿಂದ ಹುಯ್ದ ನೀರನ್ನ ನಮ್ಮ ಹಿರಿಯರು ಹಿಡಿದದ್ದು ಬೊಗಸೆಯಲ್ಲಿ. 1927ರ ಮಾರ್ಚ್ 20ರಂದು ಮಹಾಡ್‌ನ ಚೌಡಾರ್ ಕೆರೆಗೆ ಇಳಿದು ಬಾಬಾಸಾಹೇಬರು ನೀರು ಕುಡಿದರು. ಆ ಎರಡೂ ಈ ಒಂದು ಪದದಲ್ಲಿವೆ. ಎರಡು ಅಂಗೈ, ಒಂದು ಹನಿ: ಲೋಗೋಗೆ ನಾಲ್ಕು ಗೆರೆ ಸಾಕು. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆಗ ಒಬ್ಬ ಮೊಬೈಲಲ್ಲಿ ಇಂಗ್ಲಿಷಲ್ಲಿ ಟೈಪ್ ಮಾಡಿ ತೋರಿಸಿದ: Bogase Films. ಹೊರರಾಜ್ಯದವರು ಅದನ್ನ ಓದೋದು ಬೋಗಸ್ ಫಿಲಂಸ್ ಅಂತ! ಚಿತ್ರೋತ್ಸವಕ್ಕೆ ಕಳಿಸೋವಾಗ ಇಂಗ್ಲಿಷ್ ಅಕ್ಷರ ಬೇಕೇ ಬೇಕು, ತಪ್ಪಿಸಿಕೊಳ್ಳೋ ಹಾಗಿಲ್ಲ.

ಸರಿ, 'ಬೊಗಸೆ ನೀರು' ಅಂದ್ವಿ. ಎರಡನೇ ಪದವೂ ಕನ್ನಡದ್ದೇ ಆದಾಗ ಮೊದಲನೆಯದನ್ನ ಇಂಗ್ಲಿಷ್ ಅಂತ ಯಾರೂ ಓದಲ್ಲ. ಆದರೆ ಕಾರ್ಡಿನ ಪೂರ್ತಿ ಸಾಲು ಓದಿ: "ಬೊಗಸೆ ನೀರು ಅರ್ಪಿಸುವ". ತರ್ಪಣ ಬಿಟ್ಟ ಹಾಗಾಯ್ತು! ಬ್ಯಾನರ್ ಹೆಸರು ಅಲ್ಲಿ ಕೊಡೋನಾಗಿರಬೇಕು, ಕೊಡೋ ವಸ್ತು ಆಗಬಾರದು. ಹೆಸರನ್ನ ಒಂಟಿಯಾಗಿ ಓದಿ ಇಡೋರು ಎಡವೋದು ಇಲ್ಲೇ. 'ಅರ್ಪಿಸುವ' ಸೇರಿಸಿ ಓದಿ, 'ನಿರ್ಮಾಣ' ಅಂತ ಹಿಂದೆ ಹಾಕಿಯೂ ಓದಿ.

ಈಗ 'ಬೊಗಸೆ ಚಿತ್ರ' ಅಂತ ಬಂದು ನಿಂತಿದೀವಿ. Bogase Chitra. 'ತ್ರ'ದಲ್ಲಿ ಒಂದು ಒತ್ತಿದೆ, ಆದರೆ ಚಿಕ್ಕ ಜಾಗಕ್ಕೆ ಕೈ ಮತ್ತು ಹನಿ ಮಾತ್ರ ಹಾಕೋದು, ಹಾಗಾಗಿ ನಡೆಯುತ್ತೆ. ಕಲಾವಿದರಿಗೆ ದುಡ್ಡು ಕೊಡೋ ಮೊದಲು ವಾಣಿಜ್ಯ ಮಂಡಳಿಯಲ್ಲಿ ಇದೇ ಹೆಸರಿನ ಬ್ಯಾನರ್ ಇದೆಯಾ, ಟ್ರೇಡ್‌ಮಾರ್ಕ್‌ನ 41ನೇ ವರ್ಗದಲ್ಲಿ ಯಾರಾದರೂ ಬರೆಸಿದಾರಾ ನೋಡಬೇಕು. ಆ ಕೆಲಸ ನನ್ನ ತಲೆಗೇ ಕಟ್ಟಿದಾರೆ, ಗುಮಾಸ್ತ ಅಲ್ವಾ. ಸೋಮವಾರ ರಜೆ ಹಾಕಿ ಹೋಗ್ತಿದೀನಿ.

ಜೈಭೀಮ್.